ಔಷಧ ಪ್ರಯೋಗದ ಪೇಪರ್‌ನಿಂದ ಒಂದು ಪುಟದ ಅಪ್ರೈಸಲ್ ಟೇಬಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ನಲ್ ಕ್ಲಬ್‌ಗೆ ತಯಾರಾಗುವ ಪಿಜಿ, ಫಾರ್ಮ್‌ಡಿ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಎಲ್ಲಕ್ಕೂ ಒಂದೇ ಪೇಪರ್ ಉದಾಹರಣೆ. ಕೋವಿಡ್‌ಗೆ ಡೆಕ್ಸಾಮೆಥಾಸೋನ್ ಕೊಟ್ಟು ನೋಡಿದ ಬ್ರಿಟನ್ನಿನ ರಿಕವರಿ ಪ್ರಯೋಗ. ಇದನ್ನೇ ಆರಿಸಲು ಎರಡು ಕಾರಣ. ಪೇಪರ್ ಚಿಕ್ಕದು, ಭಾಷೆ ಸರಳ. ಜೊತೆಗೆ ಇದನ್ನು ಅರ್ಧ ಓದಿದರೆ ಏನಾಗುತ್ತದೆ ಅನ್ನೋದನ್ನು ನಾವು 2021ರಲ್ಲಿ ಕಣ್ಣಾರೆ ನೋಡಿದ್ದೇವೆ.

### ಪೇಪರ್‌ನಲ್ಲೇ ಸಾರಾಂಶ ಇರುತ್ತದಲ್ಲ, ಮತ್ತೆ ಟೇಬಲ್ ಯಾಕೆ?

ಸಾರಾಂಶ ಬರೆದವರು ಪ್ರಯೋಗ ಮಾಡಿದವರು. ಟೇಬಲ್ ಬರೆಯುವವರು ನೀವು. ಸಾರಾಂಶದಲ್ಲಿ "ಏನು ಸಿಕ್ಕಿತು" ಅಂತ ಇರುತ್ತದೆ. ಟೇಬಲ್‌ನಲ್ಲಿ "ಸಿಕ್ಕಿದ್ದನ್ನು ಎಷ್ಟು ನಂಬಬಹುದು, ಯಾರಿಗೆ ಅನ್ವಯಿಸಬಹುದು" ಅಂತ ಇರಬೇಕು. ನನಗೆ ಬರುವ ಟೇಬಲ್‌ಗಳಲ್ಲಿ ಹೆಚ್ಚಿನವು ಸಾರಾಂಶವನ್ನೇ ಕತ್ತರಿಸಿ ಗೆರೆ ಎಳೆದ ಚೌಕಗಳಲ್ಲಿ ತುಂಬಿದಂಥವು. ನೋಡಲು ಚೆನ್ನಾಗಿರುತ್ತವೆ. ಅಪ್ರೈಸಲ್ ಮಾತ್ರ ಅಲ್ಲಿ ನಡೆದಿರುವುದಿಲ್ಲ.

### ಎಷ್ಟು ಕಾಲಂ ಇರಬೇಕು?

ಮೂರು ಸಾಕು. ಮೊದಲನೆಯದು ವಿಷಯ. ಎರಡನೆಯದು ಪೇಪರ್ ಏನು ಹೇಳುತ್ತದೆ, ಅದು ಯಾವ ಟೇಬಲ್ ಅಥವಾ ಚಿತ್ರದಲ್ಲಿದೆ ಅನ್ನುವುದು. ಮೂರನೆಯದು ನಿಮ್ಮ ತೀರ್ಪು.

ಮೂರನೇ ಕಾಲಂನಲ್ಲಿ "ಒಳ್ಳೆಯದು", "ಸರಿಯಿದೆ", "ಮಿತಿ ಇದೆ" ಅಂತ ಬರೆದರೆ ನಾನು ವಾಪಸ್ ಕಳಿಸುತ್ತೇನೆ. ಒಂದು ದೋಷ ಕಂಡರೆ ಅದು ಫಲಿತಾಂಶವನ್ನು ಯಾವ ಕಡೆಗೆ ಎಳೆಯುತ್ತದೆ ಅಂತ ಬರೆಯಬೇಕು. ಔಷಧ ಇರುವುದಕ್ಕಿಂತ ಚೆನ್ನಾಗಿ ಕಾಣುವಂತೆ ಮಾಡುತ್ತದೋ, ಇರುವುದಕ್ಕಿಂತ ಕಡಿಮೆ ಕಾಣುವಂತೆ ಮಾಡುತ್ತದೋ? ಈ ಪ್ರಶ್ನೆಗೆ ಉತ್ತರ ಬರೆಯಲು ಹೊರಟರೆ ಪೇಪರ್ ಅರ್ಥವಾಗಿದೆಯೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

### ಅದೇ ಪೇಪರ್ ಎರಡು ಮೂರು ಕಡೆ ಸಿಗುತ್ತದೆ. ಯಾವುದನ್ನು ತೆಗೆದುಕೊಳ್ಳಲಿ?

ಕೊನೆಯದಾಗಿ ಅಚ್ಚಾದದ್ದನ್ನು. ಯಾವ ಆವೃತ್ತಿ ಅಂತ ಟೇಬಲ್‌ನ ತಲೆಯಲ್ಲೇ ಬರೆಯಿರಿ.

ಇದನ್ನು ನಾನು ಕಲಿತದ್ದು ಮುಖಭಂಗ ಮಾಡಿಕೊಂಡು. ರಿಕವರಿ ಪೇಪರ್ ಮೊದಲು ಬಂದದ್ದು 2020ರ ಜೂನ್‌ನಲ್ಲಿ, ಪ್ರಿಪ್ರಿಂಟ್ ಆಗಿ. ಅದರಲ್ಲಿ 28 ದಿನಗಳ ಸಾವು ಡೆಕ್ಸಾ ಗುಂಪಿನಲ್ಲಿ 21.6%, ಇನ್ನೊಂದು ಗುಂಪಿನಲ್ಲಿ 24.6%. ಜುಲೈನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಾಗ ಅದು 22.9% ಮತ್ತು 25.7% ಆಗಿತ್ತು. ಪ್ರಿಪ್ರಿಂಟ್ ಬರೆಯುವ ಹೊತ್ತಿಗೆ ಪೂರ್ತಿ ಬಂದಿರದ ಮಾಹಿತಿ ಆಮೇಲೆ ಸೇರಿತ್ತು. ನಾನು ಹಳೆಯದನ್ನು ಇಟ್ಟುಕೊಂಡು ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿ, "ಸರ್, ನನ್ನ ಪ್ರಿಂಟ್‌ನಲ್ಲಿ ಬೇರೆ ಇದೆಯಲ್ಲ?" ಅಂದಳು. ಅವಳ ಕೈಯಲ್ಲಿದ್ದದ್ದೇ ಸರಿ. ಅಂತಿಮ ಆವೃತ್ತಿ 2021ರ ಫೆಬ್ರವರಿಯದು. ಈ ಪುಟದಲ್ಲಿ ಅದನ್ನೇ ಬಳಸಿದ್ದೇನೆ.

### ಓದಲು ಎಲ್ಲಿಂದ ಶುರು ಮಾಡಲಿ?

ಸಾರಾಂಶದ ಕೊನೆಯ ಸಾಲನ್ನು ಮೊದಲು ಓದಬೇಡಿ. ಅದನ್ನು ಓದಿದ ಮೇಲೆ ಉಳಿದದ್ದೆಲ್ಲ ಅದಕ್ಕೆ ಸಾಕ್ಷಿಯ ಹಾಗೆ ಕಾಣಲು ಶುರುವಾಗುತ್ತದೆ.

ನಾನು ಮೊದಲು ಹೋಗುವುದು ಚಿತ್ರ 1ಕ್ಕೆ. ರೋಗಿಗಳು ಎಲ್ಲಿಂದ ಬಂದರು, ಎಷ್ಟು ಜನ ಹೊರಗುಳಿದರು, ಯಾಕೆ ಅನ್ನುವ ನಕ್ಷೆ ಅದು. ಆಮೇಲೆ ಟೇಬಲ್ 1, ಅಂದರೆ ಎರಡೂ ಗುಂಪುಗಳ ಆರಂಭದ ಸ್ಥಿತಿ. ಅದಾದ ಮೇಲೆ ಮೆಥಡ್ಸ್ ಭಾಗ ಪೂರ್ತಿ. ಕೊನೆಗೆ ಫಲಿತಾಂಶ. ಡಿಸ್ಕಶನ್ ಭಾಗವನ್ನು ಟೇಬಲ್ ಮುಗಿಸಿದ ಮೇಲೆ ಓದಿದರೂ ನಡೆಯುತ್ತದೆ.

ರಿಕವರಿಯ ಚಿತ್ರ 1ರಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. ಆ ಅವಧಿಯಲ್ಲಿ ಒಟ್ಟು 11,303 ಜನ ಪ್ರಯೋಗಕ್ಕೆ ಸೇರಿದ್ದರು. ಡೆಕ್ಸಾಗೆ ಅರ್ಹರು ಅಂತ ಎಣಿಸಿದ್ದು 9,355 ಜನರನ್ನು. ಉಳಿದವರನ್ನು ಬಿಟ್ಟದ್ದು ಆಸ್ಪತ್ರೆಯಲ್ಲಿ ಔಷಧ ಇಲ್ಲದ್ದಕ್ಕೆ, ಇಲ್ಲವೇ ಈ ರೋಗಿಗೆ ಸ್ಟೀರಾಯ್ಡ್ ಬೇಕೇ ಬೇಕು ಅಥವಾ ಕೊಡಲೇಬಾರದು ಅಂತ ಡಾಕ್ಟರಿಗೆ ಖಚಿತವಾಗಿ ಅನ್ನಿಸಿದ್ದಕ್ಕೆ. ಕೊಡಲೇಬಾರದು ಅನ್ನಿಸಿದವರು ಈ ಪ್ರಯೋಗದಲ್ಲಿ ಇಲ್ಲ ಅನ್ನುವುದು ಕೊನೆಯ ಸಾಲು ಬರೆಯುವಾಗ ಕೆಲಸಕ್ಕೆ ಬರುತ್ತದೆ.

### ಪ್ರಶ್ನೆಯ ಸಾಲಿನಲ್ಲಿ ಏನೇನು ಬರೆಯಬೇಕು?

ಯಾರಿಗೆ, ಏನು ಕೊಟ್ಟರು, ಯಾವುದಕ್ಕೆ ಹೋಲಿಸಿದರು, ಏನನ್ನು ಎಣಿಸಿದರು. ಆಸ್ಪತ್ರೆಯಲ್ಲಿ ದಾಖಲಾದ ಕೋವಿಡ್ ರೋಗಿಗಳು. ಡೆಕ್ಸಾಮೆಥಾಸೋನ್ ದಿನಕ್ಕೊಮ್ಮೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ, ಅಷ್ಟರಲ್ಲಿ ಡಿಸ್ಚಾರ್ಜ್ ಆದರೆ ಅಲ್ಲಿಗೇ ನಿಲ್ಲಿಸುವುದು. ಹೋಲಿಕೆ ಮಾಮೂಲಿ ಚಿಕಿತ್ಸೆಗೆ. ಎಣಿಸಿದ್ದು 28 ದಿನಗಳೊಳಗಿನ ಸಾವು, ಕಾರಣ ಏನೇ ಇರಲಿ.

"ಆಸ್ಪತ್ರೆಯಲ್ಲಿ ದಾಖಲಾದ" ಅನ್ನುವ ಎರಡು ಪದ ಬಿಟ್ಟುಹೋದರೆ ಇಡೀ ಟೇಬಲ್ ಸುಳ್ಳಾಗುತ್ತದೆ. ಮನೆಯಲ್ಲಿದ್ದ ಒಬ್ಬ ರೋಗಿಯೂ ಇದರಲ್ಲಿ ಇಲ್ಲ.

### ರ್‍ಯಾಂಡಮೈಸೇಶನ್ ಸರಿಯಾಗಿತ್ತೇ ಅಂತ ಹೇಗೆ ಹೇಳುವುದು?

ಎರಡು ಕಡೆ ನೋಡಿ. ಒಂದು, ಮುಂದಿನ ರೋಗಿ ಯಾವ ಗುಂಪಿಗೆ ಹೋಗುತ್ತಾನೆ ಅಂತ ಸೇರಿಸುವ ಡಾಕ್ಟರಿಗೆ ಮೊದಲೇ ಗೊತ್ತಾಗುವ ಸಾಧ್ಯತೆ ಇತ್ತೇ? ಇಲ್ಲಿ ಹಂಚಿಕೆ ನಡೆದದ್ದು ವೆಬ್ ಮೂಲಕ, ರೋಗಿಯ ವಿವರ ತುಂಬಿದ ಮೇಲೆ. ಹಾಗಾಗಿ ಅದು ಗೊತ್ತಾಗುತ್ತಿರಲಿಲ್ಲ. ಡೆಕ್ಸಾಗೆ 2,104 ಜನ, ಮಾಮೂಲಿ ಚಿಕಿತ್ಸೆಗೆ 4,321 ಜನ. ಒಂದಕ್ಕೆ ಎರಡರ ಲೆಕ್ಕದಲ್ಲಿ ಹಂಚಿದ್ದರಿಂದ ಈ ವ್ಯತ್ಯಾಸ, ದೋಷ ಅಲ್ಲ.

ಎರಡು, ಟೇಬಲ್ 1. ಇಲ್ಲಿಯೇ ಸ್ವಾರಸ್ಯ ಇರುವುದು. ಡೆಕ್ಸಾ ಗುಂಪಿನವರ ಸರಾಸರಿ ವಯಸ್ಸು ಇನ್ನೊಂದು ಗುಂಪಿಗಿಂತ 1.1 ವರ್ಷ ಜಾಸ್ತಿ. ಒಂದು ವರ್ಷ ತಾನೇ ಅಂತ ಸುಮ್ನೆ ಮುಂದೆ ಹೋಗುವಂತಿಲ್ಲ. ಕೋವಿಡ್‌ನಲ್ಲಿ ಸಾವು ವಯಸ್ಸಿನ ಜೊತೆ ಕಡಿದಾಗಿ ಏರುತ್ತದೆ.

ಇಷ್ಟು ದೊಡ್ಡ ಪ್ರಯೋಗದಲ್ಲೂ ಹೀಗಾಗಬಹುದೇ ಅಂದರೆ, ಆಗಬಹುದು. ರ್‍ಯಾಂಡಮೈಸೇಶನ್ ಸರಿಯಾಗಿದ್ದರೂ ಅದೃಷ್ಟದಿಂದ ಇಂಥ ವ್ಯತ್ಯಾಸ ಬರುತ್ತದೆ. ತೀರ್ಪಿನ ಕಾಲಂನಲ್ಲಿ "ಗುಂಪುಗಳು ಸಮಾನವಾಗಿಲ್ಲ" ಅಂತ ಮಾತ್ರ ಬರೆದರೆ ಅರ್ಧ ಉತ್ತರ. ವಯಸ್ಸಾದವರು ಹೆಚ್ಚಿದ್ದದ್ದು ಔಷಧ ಪಡೆದ ಗುಂಪಿನಲ್ಲಿ. ಅಂದರೆ ಈ ವ್ಯತ್ಯಾಸ ಔಷಧದ ವಿರುದ್ಧ ಕೆಲಸ ಮಾಡಿದೆ. ಸರಿಹೊಂದಿಸದ ಅಂಕಿ ನೋಡಿದರೆ ಲಾಭ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಅದಕ್ಕೇ ಲೇಖಕರು ವಯಸ್ಸನ್ನು ಮೂರು ವರ್ಗ ಮಾಡಿ ಲೆಕ್ಕವನ್ನು ಸರಿಹೊಂದಿಸಿದರು. ಈ ಸರಿಹೊಂದಿಕೆ ವಿಶ್ಲೇಷಣೆಯ ಮೊದಲ ಯೋಜನೆಯಲ್ಲಿ ಇರಲಿಲ್ಲ, ವ್ಯತ್ಯಾಸ ಕಂಡ ಮೇಲೆ ಸೇರಿಸಿದ್ದು. ಅವರೇ ಇದನ್ನು ಪೇಪರ್‌ನಲ್ಲಿ ಬಿಚ್ಚಿ ಹೇಳಿದ್ದಾರೆ, ಸರಿಹೊಂದಿಸದ ಫಲಿತಾಂಶವನ್ನು ಅನುಬಂಧದಲ್ಲಿ ಕೊಟ್ಟಿದ್ದಾರೆ. ಆಮೇಲೆ ಸೇರಿಸಿದ ಲೆಕ್ಕ ಅಂದ ಕೂಡಲೇ ನಾನು ಹುಬ್ಬೇರಿಸುತ್ತೇನೆ. ಇಲ್ಲಿ ಕಾರಣ ಸರಿಯಿದೆ, ಮುಚ್ಚಿಟ್ಟಿಲ್ಲ. ಸರಿಹೊಂದಿಸದಿದ್ದರೂ ತೀರ್ಮಾನ ಉಳಿಯುತ್ತದೆಯೇ ಅಂತ ನಾವೇ ನೋಡಬಹುದು. ಮುಂದೆ ಫಲಿತಾಂಶದ ಸಾಲಿನಲ್ಲಿ ನೋಡೋಣ.

### ಬ್ಲೈಂಡಿಂಗ್ ಇರಲಿಲ್ಲ. ಹಾಗಾದರೆ ಪೇಪರ್ ದುರ್ಬಲ ಅಂತ ಬರೆಯಲಾ?

ಬೇಡ. ಬ್ಲೈಂಡಿಂಗ್ ಇಲ್ಲದಿದ್ದರೆ ಏನು ಕೆಡುತ್ತದೆ ಅನ್ನುವುದು ಏನನ್ನು ಎಣಿಸುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಮುಖ್ಯ ಫಲಿತಾಂಶ ಸಾವು. ರೋಗಿ ಬದುಕಿದ್ದಾನೋ ಇಲ್ಲವೋ ಅನ್ನುವುದನ್ನು ಡಾಕ್ಟರ ನಂಬಿಕೆ ಬದಲಿಸುವುದಿಲ್ಲ. ಅಷ್ಟರ ಮಟ್ಟಿಗೆ ಓಪನ್ ಲೇಬಲ್ ಆದದ್ದು ದೊಡ್ಡ ತೊಂದರೆಯಲ್ಲ. ಆದರೆ ಅದೇ ಪೇಪರ್‌ನಲ್ಲಿ 28 ದಿನಗಳೊಳಗೆ ಡಿಸ್ಚಾರ್ಜ್ ಆದವರ ಲೆಕ್ಕವೂ ಇದೆ: ಡೆಕ್ಸಾದಲ್ಲಿ 67.2%, ಮಾಮೂಲಿಯಲ್ಲಿ 63.5%. ಮನೆಗೆ ಕಳಿಸುವುದು ಡಾಕ್ಟರ ತೀರ್ಮಾನ. ಇವನಿಗೆ ಔಷಧ ಸಿಕ್ಕಿದೆ ಅಂತ ಗೊತ್ತಿದ್ದರೆ ಒಂದು ದಿನ ಮೊದಲೇ ಕಳಿಸುವ ಧೈರ್ಯ ಬರಬಹುದು, ಅಲ್ವಾ? ಆದ್ದರಿಂದ ಬ್ಲೈಂಡಿಂಗ್ ಸಾಲಿನಲ್ಲಿ ಎರಡು ತೀರ್ಪು ಬರೆಯಬೇಕು. ಸಾವಿಗೆ ಅಪಾಯ ಕಡಿಮೆ. ಡಿಸ್ಚಾರ್ಜ್‌ಗೆ ಸ್ವಲ್ಪ ಅಪಾಯ, ಅದೂ ಔಷಧದ ಪರವಾಗಿ.

ಒಂದೇ ಪೇಪರ್‌ಗೆ ಒಂದೇ ಅಂಕ ಕೊಡುವ ಚೆಕ್‌ಲಿಸ್ಟ್‌ಗಳು ನನಗೆ ಹಿಡಿಸದಿರುವುದು ಇದೇ ಕಾರಣಕ್ಕೆ. ಕಾಕ್ರೇನ್‌ನವರ ರಾಬ್ 2 ಸಾಧನ ಪ್ರತಿ ಫಲಿತಾಂಶಕ್ಕೂ ಬೇರೆ ಬೇರೆ ತೀರ್ಪು ಕೇಳುತ್ತದೆ. ಒಂದು ಪುಟದ ಟೇಬಲ್‌ಗೆ ಅದನ್ನು ಪೂರ್ತಿ ತುಂಬುವುದು ಬೇಕಿಲ್ಲ, ಆ ಅಭ್ಯಾಸ ಮಾತ್ರ ಎತ್ತಿಕೊಳ್ಳಿ.

### ಮಾಮೂಲಿ ಚಿಕಿತ್ಸೆಯವರಲ್ಲೂ ಕೆಲವರಿಗೆ ಡೆಕ್ಸಾ ಕೊಟ್ಟಿದ್ದಾರಲ್ಲ?

ಹೌದು, ಸುಮಾರು 8% ಜನರಿಗೆ. ಆದರೂ ಅವರನ್ನು ಎಣಿಸಿದ್ದು ಅವರ ಮೂಲ ಗುಂಪಿನಲ್ಲೇ. ಅದೇ ಸರಿಯಾದ ಕ್ರಮ. ಎರಡೂ ಗುಂಪು ಸ್ವಲ್ಪ ಒಂದೇ ಥರ ಆದದ್ದರಿಂದ ವ್ಯತ್ಯಾಸ ಕುಗ್ಗುತ್ತದೆ. ಇದೂ ಔಷಧದ ವಿರುದ್ಧವೇ ಎಳೆಯುವ ದೋಷ. ಒಂದು ಸಾಲು ಬರೆದರೆ ಸಾಕು.

### ಪ್ರಯೋಗ ಅವಧಿಗೆ ಮೊದಲೇ ನಿಂತಿತು ಅಂತ ಕೆಲವರು ಹೇಳುತ್ತಾರೆ. ನಿಜವೇ?

ಲಾಭ ಕಂಡು ನಿಲ್ಲಿಸಿದ್ದಲ್ಲ. ಇದು ತುಂಬಾ ಟೇಬಲ್‌ಗಳಲ್ಲಿ ತಪ್ಪಾಗಿ ಬರುತ್ತದೆ. 2,000 ಜನ ಡೆಕ್ಸಾಗೆ, 4,000 ಜನ ಮಾಮೂಲಿಗೆ ಬೇಕು ಅಂತ ಲೆಕ್ಕ ಹಾಕಿದ್ದರು. 2020ರ ಜೂನ್ 8ಕ್ಕೆ ಅದು ತುಂಬಿತು, ಸೇರಿಸುವುದನ್ನು ನಿಲ್ಲಿಸಿದರು. ಆ ತೀರ್ಮಾನ ತೆಗೆದುಕೊಂಡ ಸಮಿತಿಗೆ ಫಲಿತಾಂಶ ಗೊತ್ತಿರಲಿಲ್ಲ. ಲಾಭ ನೋಡಿ ಮಧ್ಯದಲ್ಲಿ ನಿಲ್ಲಿಸಿದ ಪ್ರಯೋಗಗಳು ಲಾಭವನ್ನು ಉಬ್ಬಿಸಿ ತೋರಿಸುವ ಸಾಧ್ಯತೆ ಇರುತ್ತದೆ. ಆ ಆರೋಪ ಇದಕ್ಕೆ ತಟ್ಟುವುದಿಲ್ಲ.

### ಫಲಿತಾಂಶದ ಸಾಲಿನಲ್ಲಿ ಯಾವ ಅಂಕಿ ಹಾಕಬೇಕು?

ಪೇಪರ್ ಕೊಡುವ ಅನುಪಾತದ ಜೊತೆಗೆ ನೀವೇ ಕ್ಯಾಲ್ಕುಲೇಟರ್ ಹಿಡಿದು ತೆಗೆದ ಅಂಕಿ. ಪೇಪರ್ ಹೇಳುವುದು: ರೇಟ್ ರೇಶಿಯೋ 0.83, 95% ಕಾನ್ಫಿಡೆನ್ಸ್ ಇಂಟರ್ವಲ್ 0.75ರಿಂದ 0.93. ಇದನ್ನು ಮಾತ್ರ ಬರೆದರೆ ವಾರ್ಡಿನಲ್ಲಿ ನಿಂತ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಸತ್ತವರ ಸಂಖ್ಯೆ ಪೇಪರ್‌ನಲ್ಲೇ ಇದೆ, ಅದರಿಂದ ಶುರು ಮಾಡಿ.

```
482 / 2104  = 22.9%
1110 / 4321 = 25.7%
25.7 - 22.9 = 2.8
100 / 2.8   = 36
22.9 / 25.7 = 0.89
```

ನೂರು ಜನರಿಗೆ ಕೊಟ್ಟರೆ ಸುಮಾರು ಮೂವರು ಹೆಚ್ಚು ಬದುಕುತ್ತಾರೆ. ಒಂದು ಜೀವ ಉಳಿಯಲು 36 ಜನರಿಗೆ ಕೊಡಬೇಕು.

ಕೊನೆಯ ಸಾಲು ನೋಡಿ. ನಮ್ಮ ಕೈಲೆಕ್ಕ 0.89, ಪೇಪರ್ ಹೇಳುವುದು 0.83. ಪ್ರತಿ ವರ್ಷ ಯಾರಾದರೂ ಒಬ್ಬರು "ಪೇಪರ್‌ನಲ್ಲಿ ತಪ್ಪಿದೆ" ಅಂತ ಓಡಿ ಬರುತ್ತಾರೆ. ತಪ್ಪಿಲ್ಲ. ಈ ಅಂತರದ ಮುಖ್ಯ ಕಾರಣ ಆ 1.1 ವರ್ಷ. ಉಳಿದದ್ದು, ರೇಟ್ ರೇಶಿಯೋ ಎಷ್ಟು ಜನ ಸತ್ತರು ಅನ್ನುವುದರ ಜೊತೆ ಎಷ್ಟು ಬೇಗ ಸತ್ತರು ಅನ್ನುವುದನ್ನೂ ಹಿಡಿಯುವುದರಿಂದ. ನಮ್ಮ ಕೈಲೆಕ್ಕದ 0.89ಕ್ಕೂ ಕಾನ್ಫಿಡೆನ್ಸ್ ಇಂಟರ್ವಲ್ ತೆಗೆದರೆ 0.81ರಿಂದ 0.98 ಬರುತ್ತದೆ. ಒಂದರ ಕೆಳಗೇ ಉಳಿಯಿತು. ಅಂದರೆ ವಯಸ್ಸಿನ ಸರಿಹೊಂದಿಕೆಯನ್ನು ನೀವು ಒಪ್ಪದಿದ್ದರೂ ಲಾಭ ಇದೆ, ಅಳತೆ ಮಾತ್ರ ಸಣ್ಣದು.

36ರ ಪಕ್ಕದಲ್ಲಿ ಅದರ ವ್ಯಾಪ್ತಿಯನ್ನೂ ಬರೆಯಿರಿ. ನಾನು ಲೆಕ್ಕ ಹಾಕಿದಾಗ ಸುಮಾರು 20ರಿಂದ 180 ಬಂತು. ಅಷ್ಟು ಅಗಲ ನೋಡಿ ವಿದ್ಯಾರ್ಥಿಗಳಿಗೆ ಮುಜುಗರವಾಗುತ್ತದೆ, ಅಳಿಸಿಬಿಡುತ್ತಾರೆ. ಅಳಿಸಬೇಡಿ. 6,425 ಜನರ ಪ್ರಯೋಗದಲ್ಲೂ ನಮಗೆ ಗೊತ್ತಿರುವುದು ಅಷ್ಟೇ. ಇದು ವಯಸ್ಸು ಸರಿಹೊಂದಿಸದ ಲೆಕ್ಕ ಅಂತಲೂ ಪಕ್ಕದಲ್ಲಿ ಬರೆಯಿರಿ. 0.83 ಇಟ್ಟುಕೊಂಡು ಮಾಡಿದರೆ 36 ಇಳಿದು 25ರ ಆಸುಪಾಸಿಗೆ ಬರುತ್ತದೆ.

### ಪಿ ವ್ಯಾಲ್ಯೂ ಬರೆಯಬೇಕೇ?

ಜಾಗ ಉಳಿದರೆ.

### ಸಬ್‌ಗ್ರೂಪ್‌ಗಳನ್ನು ನಂಬಬಾರದು ಅಂತ ಹೇಳಿಕೊಟ್ಟಿದ್ದಾರೆ. ಇಲ್ಲಿ ಏನು ಮಾಡಲಿ?

ಈ ಪೇಪರ್‌ನಲ್ಲಿ ಸಬ್‌ಗ್ರೂಪ್ ಬಿಟ್ಟರೆ ಪೇಪರನ್ನೇ ಬಿಟ್ಟ ಹಾಗೆ. ಚಿತ್ರ 3 ತೆಗೆಯಿರಿ. ಪ್ರಯೋಗಕ್ಕೆ ಸೇರಿದ ದಿನ ರೋಗಿಗೆ ಉಸಿರಾಟಕ್ಕೆ ಎಷ್ಟು ನೆರವು ಬೇಕಿತ್ತು ಅನ್ನುವುದರ ಮೇಲೆ ಮೂರು ಗುಂಪು ಮಾಡಿದ್ದಾರೆ.

| ಸೇರಿದ ದಿನದ ಸ್ಥಿತಿ | ಡೆಕ್ಸಾದಲ್ಲಿ ಸಾವು | ಮಾಮೂಲಿಯಲ್ಲಿ ಸಾವು | ರೇಟ್ ರೇಶಿಯೋ |
|---|---|---|---|
| ವೆಂಟಿಲೇಟರ್ | 95/324 (29.3%) | 283/683 (41.4%) | 0.64 (0.51–0.81) |
| ಆಕ್ಸಿಜನ್ ಮಾತ್ರ | 298/1279 (23.3%) | 682/2604 (26.2%) | 0.82 (0.72–0.94) |
| ಆಕ್ಸಿಜನ್ ಬೇಡದವರು | 89/501 (17.8%) | 145/1034 (14.0%) | 1.19 (0.92–1.55) |

ಮೇಲಿಂದ ಕೆಳಗೆ ಓದಿ. ವೆಂಟಿಲೇಟರ್‌ನಲ್ಲಿದ್ದವರಲ್ಲಿ ನೂರಕ್ಕೆ ಹನ್ನೆರಡು ಸಾವು ಕಡಿಮೆ. ಎಂಟು ಜನರಿಗೆ ಕೊಟ್ಟರೆ ಒಬ್ಬರು ಹೆಚ್ಚು ಬದುಕುತ್ತಾರೆ. ಆಕ್ಸಿಜನ್‌ನಲ್ಲಿದ್ದವರಿಗೆ ಮೂರು ಕಡಿಮೆ. ಆಕ್ಸಿಜನ್ನೇ ಬೇಡದಿದ್ದವರಲ್ಲಿ ಸುಮಾರು ನಾಲ್ಕು ಹೆಚ್ಚು.

ಸಬ್‌ಗ್ರೂಪ್ ಮೇಲೆ ಅನುಮಾನ ಇಟ್ಟುಕೊಳ್ಳುವುದು ಸರಿಯೇ. ಆದರೆ ಅನುಮಾನಕ್ಕೂ ಪ್ರಶ್ನೆಗಳಿವೆ. ಈ ಗುಂಪುಗಳನ್ನು ಫಲಿತಾಂಶ ನೋಡುವ ಮೊದಲೇ ಹೇಳಿದ್ದರೇ? ಹೇಳಿದ್ದರು. ಗುಂಪು ಮಾಡಿದ್ದು ಔಷಧ ಕೊಡುವ ಮೊದಲಿನ ಸ್ಥಿತಿಯ ಮೇಲೆಯೇ? ಹೌದು. ಗುಂಪುಗಳ ನಡುವೆ ವ್ಯತ್ಯಾಸ ಇದೆಯೇ ಅಂತ ನೇರವಾಗಿ ಪರೀಕ್ಷಿಸಿದ್ದಾರೆಯೇ, ಇಲ್ಲ ಒಂದೊಂದರಲ್ಲೂ ಬೇರೆ ಬೇರೆ ನೋಡಿ ಇಲ್ಲಿ ಇದೆ, ಅಲ್ಲಿ ಇಲ್ಲ ಅಂದಿದ್ದಾರೆಯೇ? ನೇರವಾಗಿ ಪರೀಕ್ಷಿಸಿದ್ದಾರೆ, ಸ್ಥಿತಿ ಗಂಭೀರವಾದಷ್ಟೂ ಲಾಭ ಹೆಚ್ಚುವ ಓಟ ಸ್ಪಷ್ಟವಾಗಿದೆ. ಕೊನೆಯದಾಗಿ, ದೇಹದೊಳಗಿನ ಕಾರಣಕ್ಕೆ ಇದು ಹೊಂದುತ್ತದೆಯೇ? ಹೊಂದುತ್ತದೆ. ಶುರುವಿನಲ್ಲಿ ವೈರಸ್‌ನ ಕಾಟ, ಆಮೇಲೆ ಶ್ವಾಸಕೋಶದಲ್ಲಿ ದೇಹದ್ದೇ ಉರಿಯೂತದ ಕಾಟ. ಸ್ಟೀರಾಯ್ಡ್ ತಗ್ಗಿಸುವುದು ಎರಡನೆಯದನ್ನು. ರೋಗಲಕ್ಷಣ ಶುರುವಾಗಿ 7 ದಿನ ದಾಟಿದವರಲ್ಲಿ ಲಾಭ ಹೆಚ್ಚು ಕಂಡದ್ದೂ ಇದೇ ಕಡೆ ಬೆರಳು ಮಾಡುತ್ತದೆ.

ಈಗ ಮೂರನೇ ಸಾಲಿನ ಮಾತು ಹೇಗೆ ಬರೆಯಬೇಕು? "ಹಾನಿ ಸಾಬೀತಾಗಿದೆ" ಅಂತ ಬರೆದರೆ ತಪ್ಪು, ಇಂಟರ್ವಲ್ ಒಂದನ್ನು ದಾಟಿದೆ. "ವ್ಯತ್ಯಾಸ ಇಲ್ಲ" ಅಂದರೆ ಅದಕ್ಕಿಂತ ದೊಡ್ಡ ತಪ್ಪು. ನಾನು ಬರೆಯುವುದು ಹೀಗೆ: "ಲಾಭದ ಸುಳಿವಿಲ್ಲ. ಅಲ್ಪ ಲಾಭದಿಂದ ಹಿಡಿದು ಒಂದೂವರೆ ಪಟ್ಟು ಸಾವಿನವರೆಗೆ ಏನು ಬೇಕಾದರೂ ಇರಬಹುದು. ಕೊಡಬಾರದು."

### ಹಾನಿಯ ಸಾಲು ಖಾಲಿ ಬಿಡಬಹುದೇ? ಪೇಪರ್‌ನಲ್ಲಿ ಹೆಚ್ಚೇನೂ ಇಲ್ಲ.

ಖಾಲಿ ಬಿಡಬೇಡಿ. "ಹೆಚ್ಚೇನೂ ಇಲ್ಲ" ಅನ್ನುವುದೇ ಅಲ್ಲಿ ಬರೆಯಬೇಕಾದ ಸಂಗತಿ. ಡೆಕ್ಸಾದಿಂದಲೇ ಆದದ್ದು ಅಂತ ವರದಿಯಾದ ಗಂಭೀರ ಅಡ್ಡಪರಿಣಾಮ ನಾಲ್ಕೇ ನಾಲ್ಕು: ಇಬ್ಬರಿಗೆ ರಕ್ತದ ಸಕ್ಕರೆ ಏರಿತ್ತು, ಒಬ್ಬರಿಗೆ ಜಠರ–ಕರುಳಿನಲ್ಲಿ ರಕ್ತಸ್ರಾವ, ಒಬ್ಬರಿಗೆ ಮನೋವಿಕಾರ.

2,104 ಜನರಿಗೆ ಸ್ಟೀರಾಯ್ಡ್ ಕೊಟ್ಟಾಗ ಸಕ್ಕರೆ ಏರಿದ್ದು ಇಬ್ಬರಿಗೆ ಮಾತ್ರವೇ? ಯಾವ ವಾರ್ಡ್ ಸಿಸ್ಟರ್‌ನ ಬೇಕಾದರೂ ಕೇಳಿ, ನಗುತ್ತಾರೆ. ಇದು ಆಸ್ಪತ್ರೆಗಳು ಮುಳುಗಿಹೋಗಿದ್ದ ಹೊತ್ತಲ್ಲಿ ಚಿಕ್ಕ ಫಾರಂ ಇಟ್ಟುಕೊಂಡು ಸಾವನ್ನು ಎಣಿಸಲು ಕಟ್ಟಿದ ಪ್ರಯೋಗ. ಡಾಕ್ಟರು ತಾವಾಗಿ ವರದಿ ಮಾಡಿದ್ದು ಮಾತ್ರ ಈ ನಾಲ್ಕರಲ್ಲಿ ಸೇರಿದೆ. ತೀರ್ಪು: "ಹಾನಿಯ ಬಗ್ಗೆ ಈ ಪೇಪರ್ ಏನನ್ನೂ ತೀರ್ಮಾನಿಸುವುದಿಲ್ಲ. ವರದಿ ಕಡಿಮೆ ಇದೆ, ಅದರಿಂದ ಹಾನಿ ಕಡಿಮೆ ಅಂತ ಅರ್ಥವಲ್ಲ."

### "ನಮ್ಮ ರೋಗಿಗೆ ಅನ್ವಯಿಸುತ್ತದೆಯೇ" ಅನ್ನುವ ಸಾಲಿಗೆ ಎಲ್ಲರೂ "ಹೌದು" ಅಂತ ಬರೆಯುತ್ತಾರೆ. ತಪ್ಪೇ?

ಈ ಸಾಲನ್ನು ಕಣ್ಣು ಮುಚ್ಚಿ ತುಂಬಿದ ಬೆಲೆ ನಮ್ಮೂರಿನವರು ಕೊಟ್ಟಿದ್ದಾರೆ. 2021ರ ಎರಡನೇ ಅಲೆಯಲ್ಲಿ ಆಕ್ಸಿಜನ್ ಮಟ್ಟ ಚೆನ್ನಾಗಿಯೇ ಇದ್ದವರು, ಜ್ವರ ಬಂದು ಎರಡನೇ ದಿನದವರು, ಮನೆಯಲ್ಲೇ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರು. ವಾಟ್ಸಾಪ್‌ನಲ್ಲಿ ಹರಿದಾಡುತ್ತಿದ್ದ ಚೀಟಿಗಳಲ್ಲಿ ಅದು ವಿಟಮಿನ್ ಮಾತ್ರೆಗಳ ಜೊತೆ ಕೂತಿರುತ್ತಿತ್ತು. "ಸಾವು ಕಡಿಮೆ ಮಾಡುವ ಔಷಧ" ಅನ್ನುವ ಸುದ್ದಿ ತಲುಪಿತ್ತು, ಚಿತ್ರ 3ರ ಮೂರನೇ ಸಾಲು ತಲುಪಿರಲಿಲ್ಲ. ಆಮೇಲೆ ಕಪ್ಪು ಶಿಲೀಂಧ್ರ ಅಂತ ಜನ ಕರೆದ ಮ್ಯೂಕೋರ್ಮೈಕೋಸಿಸ್ ಬಂತು. ಆ ಮೇ ತಿಂಗಳಲ್ಲಿ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಘೋಷಿಸಲು ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಿತು. ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಎರಡೂ ಆ ಸೋಂಕಿಗೆ ಗೊತ್ತಿರುವ ದಾರಿಗಳು.

ಹಾಗಾಗಿ ಈ ಸಾಲಿನಲ್ಲಿ ಮೂರು ವಿಷಯ ಹೋಲಿಸಿ ಬರೆಯಿರಿ. ರೋಗಿಗಳು: ಪ್ರಯೋಗದಲ್ಲಿ ಸರಾಸರಿ ವಯಸ್ಸು 66, ಸಕ್ಕರೆ ಕಾಯಿಲೆ ಇದ್ದವರು 24%. ನಿಮ್ಮ ವಾರ್ಡಿನಲ್ಲಿ ಎಷ್ಟು ಅಂತ ನಿಮಗೇ ಗೊತ್ತು. ಪ್ರಮಾಣ: 6 ಮಿಲಿಗ್ರಾಂ, 10 ದಿನ. ಅದಕ್ಕಿಂತ ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದು ಅಂತ ಈ ಪೇಪರ್ ಎಲ್ಲೂ ಹೇಳಿಲ್ಲ. ಇದೇ ರಿಕವರಿ ತಂಡ ಆಮೇಲೆ ಹೆಚ್ಚಿನ ಪ್ರಮಾಣವನ್ನೂ ಪರೀಕ್ಷಿಸಿತು. ಆಕ್ಸಿಜನ್ ಮಟ್ಟ ಇಳಿದಿದ್ದು, ಇನ್ನೂ ಆಕ್ಸಿಜನ್ ಪಡೆಯದ ಅಥವಾ ಸಾದಾ ಆಕ್ಸಿಜನ್‌ನಲ್ಲಿದ್ದ ರೋಗಿಗಳಲ್ಲಿ ಹೆಚ್ಚಿನ ಪ್ರಮಾಣದಿಂದ ಸಾವು ಹೆಚ್ಚಾಯಿತು. 2023ರಲ್ಲಿ ಅದು ದಿ ಲ್ಯಾನ್ಸೆಟ್‌ನಲ್ಲಿ ಬಂತು. ಮೂರನೆಯದು ಜಾಗ: ದಿನಾ ಸಕ್ಕರೆ ನೋಡುವ ವ್ಯವಸ್ಥೆ ಇರುವ ಆಸ್ಪತ್ರೆಯೋ, ಮನೆಯೋ?

### ತುಂಬಿದ ಟೇಬಲ್ ಒಂದು ತೋರಿಸಿ.

ಸ್ಥಳ ಉಳಿಸಲು ಸಾಲುಗಳನ್ನು ಬಿಗಿಯಾಗಿ ಬರೆದಿದ್ದೇನೆ. ತಲೆಯಲ್ಲಿ ಹೀಗೆ: ರಿಕವರಿ, ಡೆಕ್ಸಾಮೆಥಾಸೋನ್ ಭಾಗ, NCT04381936, ಅಂತಿಮ ಆವೃತ್ತಿ, ಫೆಬ್ರವರಿ 2021. ಹಣ ಮುಖ್ಯವಾಗಿ ಬ್ರಿಟನ್ ಸರ್ಕಾರದ ಸಂಶೋಧನಾ ಸಂಸ್ಥೆಗಳದ್ದು.

| ವಿಷಯ | ಪೇಪರ್ ಹೇಳಿದ್ದು | ನನ್ನ ತೀರ್ಪು |
|---|---|---|
| ಪ್ರಶ್ನೆ | ದಾಖಲಾದ ಕೋವಿಡ್ ರೋಗಿಗಳು, 6 ಮಿ.ಗ್ರಾಂ, 10 ದಿನದವರೆಗೆ, ಮಾಮೂಲಿ ಚಿಕಿತ್ಸೆ, 28 ದಿನಗಳ ಸಾವು (ಮೆಥಡ್ಸ್) | ಪ್ರಶ್ನೆ ಸ್ಪಷ್ಟ. ಮನೆಯ ರೋಗಿಗಳಿಗೆ ಉತ್ತರ ಇಲ್ಲ |
| ಹಂಚಿಕೆ | ವೆಬ್ ಮೂಲಕ, 2,104 ಮತ್ತು 4,321 (ಚಿತ್ರ 1) | ಊಹಿಸಲು ಆಗದು. ಬಯಾಸ್ ಕಡಿಮೆ |
| ಆರಂಭದ ಸ್ಥಿತಿ | ಡೆಕ್ಸಾದವರು 1.1 ವರ್ಷ ದೊಡ್ಡವರು (ಟೇಬಲ್ 1) | ಔಷಧದ ವಿರುದ್ಧ ಎಳೆಯುತ್ತದೆ. ಸರಿಹೊಂದಿಕೆ ಆಮೇಲೆ ಸೇರಿಸಿದ್ದು, ಆದರೆ ಬಿಚ್ಚಿ ಹೇಳಿದ್ದಾರೆ |
| ಬ್ಲೈಂಡಿಂಗ್ | ಇಲ್ಲ | ಸಾವಿಗೆ ತೊಂದರೆ ಕಡಿಮೆ. ಡಿಸ್ಚಾರ್ಜ್‌ಗೆ ಔಷಧದ ಪರ ವಾಲಬಹುದು |
| ಅಡ್ಡ ಬೆರಕೆ | ಮಾಮೂಲಿ ಗುಂಪಿನ 8% ಜನರಿಗೆ ಡೆಕ್ಸಾ | ಲಾಭವನ್ನು ಕುಗ್ಗಿಸಿ ತೋರಿಸುತ್ತದೆ |
| ಮುಖ್ಯ ಫಲಿತಾಂಶ | 22.9% / 25.7%; 0.83 (0.75–0.93) (ಟೇಬಲ್ 2) | ನೂರಕ್ಕೆ 2.8 ಕಡಿಮೆ. 36 ಜನರಿಗೆ ಒಬ್ಬರು (20–180), ವಯಸ್ಸು ಸರಿಹೊಂದಿಸದೆ |
| ಸಬ್‌ಗ್ರೂಪ್ | 0.64 / 0.82 / 1.19 (ಚಿತ್ರ 3) | ಮೊದಲೇ ಹೇಳಿದ್ದು, ನಂಬಬಹುದು. ಸರಾಸರಿಗಿಂತ ಇದನ್ನೇ ಬಳಸಬೇಕು |
| ಹಾನಿ | ನಾಲ್ಕು ಗಂಭೀರ ವರದಿ | ಎಣಿಕೆ ತೆಳು. ತೀರ್ಮಾನ ಸಾಧ್ಯವಿಲ್ಲ |
| ನಮ್ಮ ರೋಗಿ | ಸರಾಸರಿ 66 ವರ್ಷ, ಸಕ್ಕರೆ ಕಾಯಿಲೆ 24% | ಆಕ್ಸಿಜನ್ ಅಥವಾ ವೆಂಟಿಲೇಟರ್‌ನಲ್ಲಿದ್ದರೆ ಕೊಡಿ, ಸಕ್ಕರೆ ನೋಡುತ್ತಿರಿ. ಆಕ್ಸಿಜನ್ ಬೇಡದಿದ್ದರೆ ಕೊಡಬೇಡಿ |

### ಒಂದು ಪುಟಕ್ಕೆ ಹಿಡಿಸುತ್ತಿಲ್ಲ. ಯಾವುದನ್ನು ಬಿಡಲಿ?

ಮಧ್ಯದ ಕಾಲಂನಲ್ಲಿ ಕತ್ತರಿಸಿ, ಬಲಗಡೆ ಕೈ ಹಾಕಬೇಡಿ. ಎಷ್ಟು ಆಸ್ಪತ್ರೆ, ಯಾವ ಸಾಫ್ಟ್‌ವೇರ್, ಎಥಿಕ್ಸ್ ಅನುಮತಿಯ ನಂಬರ್, ಇವೆಲ್ಲ ಬೇಕಾದವರು ಪೇಪರ್ ತೆಗೆದು ನೋಡುತ್ತಾರೆ. ಅದಕ್ಕೇ ಟೇಬಲ್, ಚಿತ್ರದ ಸಂಖ್ಯೆ ಬರೆಯಿರಿ ಅಂದದ್ದು. ಅಕ್ಷರ ಸಣ್ಣದು ಮಾಡಿ ತುಂಬಿಸುವವರಿದ್ದಾರೆ. ಹಾಗೆ ಮಾಡಿದರೆ ಪ್ರಿಂಟ್ ತೆಗೆದಾಗ ಯಾರಿಗೂ ಕಾಣುವುದಿಲ್ಲ.

### ಸರಿಯಾಗಿದೆಯೇ ಅಂತ ಹೇಗೆ ಪರೀಕ್ಷಿಸಲಿ?

ಮಧ್ಯದ ಕಾಲಂ ಮುಚ್ಚಿ ಬಲಗಡೆಯದನ್ನು ಮಾತ್ರ ಓದಿ. ಅದೇ ಮಾತು ಬೇರೆ ಯಾವುದೋ ಪೇಪರ್‌ಗೂ ಹೊಂದುವಂತಿದ್ದರೆ ಆ ಸಾಲನ್ನು ಮತ್ತೆ ಬರೆಯಿರಿ. ಆಮೇಲೆ ಪೇಪರ್ ಓದಿರದ ಗೆಳೆಯನ ಕೈಗೆ ಟೇಬಲ್ ಕೊಟ್ಟು ಒಂದೇ ಪ್ರಶ್ನೆ ಕೇಳಿ: "58 ವರ್ಷದವರು, ಸಕ್ಕರೆ ಕಾಯಿಲೆ ಇದೆ, ಜ್ವರ ಬಂದು ಮೂರು ದಿನ, ಆಕ್ಸಿಜನ್ ಇಲ್ಲದೆಯೇ ಸ್ಯಾಚುರೇಶನ್ 97. ಡೆಕ್ಸಾ ಕೊಡುತ್ತೀಯಾ?" ಅವನು ಪುಟ ತಿರುಗಿಸದೆ ಬೇಡ ಅನ್ನಬೇಕು. ಅಷ್ಟೇ ಅಲ್ಲ, ಯಾವ ಸಾಲು ನೋಡಿ ಹಾಗೆ ಹೇಳಿದೆ ಅಂತ ಬೆರಳಿಟ್ಟು ತೋರಿಸಬೇಕು.